ನಾಲ್ಕು ಪುಟದ ಲೇಖನ, ಆರು ಪುಟದ ನೋಟ್ಸ್: ಕೋಲಾರ ಗಣಿಯ ನ್ಯೂಟ್ರಿನೊ ಪ್ರಯೋಗ ಮೊದಲ ವರ್ಷದ ಬಿ.ಎಸ್ಸಿ. ತರಗತಿಗೆ ಬಂದ ಬಗೆ

ಕೋಲಾರದ ಒಂದು ಪದವಿ ಕಾಲೇಜು. ಮೊದಲ ವರ್ಷದ ಬಿ.ಎಸ್ಸಿ. ಭೌತಶಾಸ್ತ್ರದ ತರಗತಿಯಲ್ಲಿ ಬಂಗಾರಪೇಟೆ, ಮುಳಬಾಗಿಲು, ಕೆಜಿಎಫ್ ಕಡೆಯ ವಿದ್ಯಾರ್ಥಿಗಳು ಕೂರುತ್ತಾರೆ. ಕೆಲವರ ಅಜ್ಜಂದಿರು ಗಣಿಯಲ್ಲಿ ದುಡಿದವರು. ರಾಬರ್ಟ್‌ಸನ್‌ಪೇಟೆಯಿಂದ ಬರುವವರು ದಿನವೂ ಸೈನೈಡ್ ದಿಬ್ಬಗಳನ್ನು ನೋಡಿಕೊಂಡೇ ಬಸ್ ಹತ್ತುತ್ತಾರೆ. ಅದೇ ಗಣಿಯೊಳಗೆ 1965ರಲ್ಲಿ ನಡೆದ ಒಂದು ಪ್ರಯೋಗದ ಮೂಲ ಲೇಖನವನ್ನು ಈ ವಿದ್ಯಾರ್ಥಿಗಳ ಕೈಗೆ ಕೊಡಬೇಕು, ಅವರು ಅದನ್ನು ತಾವೇ ಓದಿ ತಿಳಿಯುವಂತೆ ಒಂದು ಕೈಪಿಡಿಯನ್ನೂ ಜೊತೆಗೆ ಕೊಡಬೇಕು ಎಂದು ಉಪನ್ಯಾಸಕಿ ಒಬ್ಬರು ಹೊರಟರು. ಆ ಕೈಪಿಡಿ ಎರಡು ಸಲ ಕೆಟ್ಟು ಮೂರನೆಯ ಸಲಕ್ಕೆ ಸರಿಹೋಯಿತು. ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂಬುದು ಈ ಪ್ರಕರಣದ ವಿಷಯ.

ಲೇಖನ ಯಾವುದು

‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯ 18ನೇ ಸಂಪುಟದಲ್ಲಿ 196ರಿಂದ 199ನೇ ಪುಟದವರೆಗೆ, ಅಂದರೆ ನಾಲ್ಕೇ ಪುಟ. 1965ರ ಆಗಸ್ಟ್ 15ರಂದು ಪ್ರಕಟವಾಯಿತು. ಬರೆದವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದವರು. ಎಂ. ಜಿ. ಕೆ. ಮೆನನ್ ಮತ್ತು ಕನ್ನಡನಾಡಿನವರೇ ಆದ ಬಿ. ವಿ. ಶ್ರೀಕಂಠನ್ ಆ ಪಟ್ಟಿಯಲ್ಲಿದ್ದಾರೆ. ವಾತಾವರಣದಲ್ಲಿ ಹುಟ್ಟಿದ, ವಸ್ತುವನ್ನು ಬಹುಮಟ್ಟಿಗೆ ತಡೆಯಿಲ್ಲದೆ ದಾಟುವ ನ್ಯೂಟ್ರಿನೊ ಎಂಬ ಕಣಗಳು ಅಪರೂಪಕ್ಕೆ ನೆಲದಾಳದ ಬಂಡೆಗೆ ಬಡಿದು ಮ್ಯೂಆನ್ ಎಂಬ ಕಣವನ್ನು ಹೊರಡಿಸುತ್ತವೆ, ಅಂಥ ಮ್ಯೂಆನ್‌ಗಳನ್ನು ಸುಮಾರು 2.3 ಕಿ.ಮೀ. ಆಳದಲ್ಲಿ ಹಿಡಿದಿದ್ದೇವೆ ಎಂಬುದು ಲೇಖನದ ಮಾತು. ಅದೇ ವೇಳೆಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅವರ ಲೇಖನ ಎರಡು ವಾರ ತಡವಾಗಿ, ಆಗಸ್ಟ್ 30ಕ್ಕೆ ಅಚ್ಚಾಯಿತು.

ನಾಲ್ಕು ಪುಟ ಎಂದರೆ ಸುಲಭ ಎಂದು ಅನ್ನಿಸುತ್ತದೆ. ಆಗುವುದು ಅದಕ್ಕೆ ತದ್ವಿರುದ್ಧ. ‘ಲೆಟರ್’ ಎಂಬ ಬಗೆಯ ಲೇಖನ ಆ ಕ್ಷೇತ್ರದೊಳಗಿನವರಿಗೆ ಆತುರದಲ್ಲಿ ಬರೆದ ಪತ್ರದ ಹಾಗೆ. ಓದುವವರಿಗೆ ಗೊತ್ತಿರುವುದನ್ನೆಲ್ಲ ಬಿಟ್ಟೇ ಬರೆದಿರುತ್ತಾರೆ. ಮೊದಲ ವರ್ಷದ ವಿದ್ಯಾರ್ಥಿಗೆ ಗೊತ್ತಿಲ್ಲದಿರುವುದು ನಿಖರವಾಗಿ ಆ ಬಿಟ್ಟುಹೋದ ಭಾಗವೇ. ಹಾಗಾಗಿ ಇಂಥ ಲೇಖನವನ್ನು ‘ಸಂಕ್ಷೇಪ’ ಮಾಡಿದರೆ ಇದ್ದಬದ್ದದ್ದೂ ಹೋಗುತ್ತದೆ. ಕೈಪಿಡಿ ಮೂಲಕ್ಕಿಂತ ಉದ್ದವಾಗಬೇಕು, ಆದರೆ ಎಲ್ಲ ಕಡೆಯೂ ಅಲ್ಲ.

ಮೊದಲ ಕರಡು: ವಾಕ್ಯಕ್ಕೆ ವಾಕ್ಯ

ಮೊದಲ ಕರಡಿನಲ್ಲಿ ಉಪನ್ಯಾಸಕಿ ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಲೇಖನದ ಕ್ರಮವನ್ನೇ ಇಟ್ಟುಕೊಂಡು ಪೀಠಿಕೆ, ಉಪಕರಣ, ಫಲಿತಾಂಶ, ಚರ್ಚೆ ಎಂದು ಒಂದೊಂದು ವಾಕ್ಯವನ್ನೂ ಸರಳ ಕನ್ನಡಕ್ಕೆ ತಂದರು. ಮೂರು ಪುಟ ಆಯಿತು. ಆರು ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ಓದಿದ ಮೇಲೆ ಹಾಳೆ ಮುಚ್ಚಿಸಿ, ಎರಡು ಕೆಲಸ ಹೇಳಿದರು: ಉಪಕರಣದ ಚಿತ್ರ ಬರೆಯಿರಿ, ಅದರ ಕೆಳಗೆ, ಸಿಕ್ಕಿದ್ದು ನ್ಯೂಟ್ರಿನೊದಿಂದಲೇ ಬಂದದ್ದು ಎಂದು ಅವರಿಗೆ ಹೇಗೆ ಗೊತ್ತಾಯಿತು, ಒಂದೇ ವಾಕ್ಯದಲ್ಲಿ ಬರೆಯಿರಿ.

‘ಅರ್ಥವಾಯಿತೆ?’ ಎಂದು ಕೇಳಿದ್ದರೆ ಆರೂ ಮಂದಿ ಹೌದು ಎನ್ನುತ್ತಿದ್ದರು. ಚಿತ್ರ ಬರೆಸಿದ್ದರಿಂದ ಬಂಡವಾಳ ಬಯಲಾಯಿತು. ಐದು ಮಂದಿ ಉಪಕರಣವನ್ನು ನೆಲದ ಮೇಲೆ ಮಲಗಿಸಿದ ಹಲಗೆಗಳ ಹಾಗೆ, ಒಂದರ ಮೇಲೊಂದು ಪೇರಿಸಿ ಬರೆದಿದ್ದರು. ನಿಜವಾದ ಉಪಕರಣದಲ್ಲಿ ಅವು ಎದುರುಬದುರು ನಿಂತ ಎರಡು ಗೋಡೆಗಳು. ಎರಡನೆಯ ಪ್ರಶ್ನೆಗೆ ಬಹುತೇಕರ ಉತ್ತರ ಒಂದೇ: ‘ಅಷ್ಟು ಆಳಕ್ಕೆ ನ್ಯೂಟ್ರಿನೊ ಬಿಟ್ಟು ಬೇರೇನೂ ಬರುವುದಿಲ್ಲ.’ ಇದು ತಪ್ಪು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ಮ್ಯೂಆನ್‌ಗಳೂ ಬರುತ್ತವೆ, ವಿರಳವಾಗಿ ಬರುತ್ತವೆ. ಬರುವುದರಿಂದಲೇ ಗೋಡೆಗಳನ್ನು ನಿಲ್ಲಿಸಿದ್ದು. ಎರಡು ತಪ್ಪಿಗೂ ಬೇರು ಒಂದೇ ಎಂಬುದು ಆಮೇಲೆ ತಿಳಿಯಿತು.

ಇನ್ನೆರಡು ತೊಡಕು ಪದಗಳಿಂದ ಬಂದವು. ಕೆಜಿಎಫ್‌ನ ಹುಡುಗಿ ಒಬ್ಬಳು ಕೇಳಿದಳು: “ಮೇಡಂ, ಟೆಲಿಸ್ಕೋಪ್ ಇಟ್ಕೊಂಡು ಶಾಫ್ಟ್ ಒಳಗೆ ಇಳಿದು ಏನ್ ನೋಡ್ತಾರೆ? ಆಕಾಶ ಕಾಣಲ್ವಲ್ಲ?” ವಿಶ್ವಕಿರಣದ ಕೆಲಸ ಮಾಡುವವರು ಒಂದರ ಹಿಂದೊಂದು ಇಟ್ಟ ಶೋಧಕಗಳ ಜೋಡಣೆಗೆ ಟೆಲಿಸ್ಕೋಪ್ ಎನ್ನುತ್ತಾರೆ. ಅದರಲ್ಲಿ ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಕರಡಿನಲ್ಲಿ ‘ದೂರದರ್ಶಕ’ ಎಂದು ಬರೆದಿದ್ದರಿಂದ ಇದ್ದ ಗೊಂದಲ ಇನ್ನಷ್ಟು ಗಟ್ಟಿಯಾಯಿತು. ಇದಕ್ಕಿಂತ ಕೆಟ್ಟದ್ದು ‘ಕೋಇನ್ಸಿಡೆನ್ಸ್’. ನಿಘಂಟು ನೋಡಿ ‘ಆಕಸ್ಮಿಕ ಹೊಂದಿಕೆ’ ಎಂದು ಹಾಕಿದ್ದರು. ಪ್ರಯೋಗಶಾಲೆಯಲ್ಲಿ ಆ ಪದದ ಅರ್ಥ ಇದಕ್ಕೆ ಪೂರ್ತಿ ಉಲ್ಟಾ. ಎರಡು ಗೋಡೆಗಳಿಂದಲೂ ಒಂದೇ ಕ್ಷಣಕ್ಕೆ ಸಂಕೇತ ಬಂದರೆ ಅದು ಆಕಸ್ಮಿಕವಲ್ಲ, ಒಂದೇ ಕಣ ಎರಡನ್ನೂ ದಾಟಿದೆ ಎಂದು ತೀರ್ಮಾನಿಸುವುದಕ್ಕಾಗಿಯೇ ಆ ಜೋಡಣೆ. ನಿಘಂಟಿನ ಪದ ಪ್ರಯೋಗದ ತರ್ಕವನ್ನೇ ತಲೆಕೆಳಗು ಮಾಡಿತ್ತು.

ಎರಡನೆಯ ಓದು: ಯಾವ ಪ್ರಶ್ನೆಗೆ ಉತ್ತರ?

ಕರಡನ್ನು ಬದಿಗಿಟ್ಟು ಮೂಲ ಲೇಖನಕ್ಕೇ ಮರಳಿದರು. ಈ ಸಲ ಪ್ರತಿ ವಾಕ್ಯಕ್ಕೂ ಒಂದು ಅಂಕಿ ಹಾಕಿ, ಎದುರಿಗೆ ಆ ವಾಕ್ಯ ಯಾವ ಪ್ರಶ್ನೆಗೆ ಉತ್ತರ ಎಂದು ಬರೆದುಕೊಂಡರು. ನಾಲ್ಕು ಪುಟಕ್ಕೆ ಒಂದು ಸಂಜೆ ಸಾಕು, ಆದರೆ ಬಿಡುವಂತಿಲ್ಲದ ಕೆಲಸ ಇದು. ಬಹಳಷ್ಟು ವಾಕ್ಯಗಳು ‘ಇದೇ ಉಪಕರಣವನ್ನು ನಾನೂ ಕಟ್ಟಬೇಕಾದರೆ ಏನು ಬೇಕು?’ ಎಂಬ ಪ್ರಶ್ನೆಗೆ ಉತ್ತರವಾಗಿದ್ದವು. ಸಹಸಂಶೋಧಕನಿಗೆ ಅವು ಬೇಕು, ಮೊದಲ ವರ್ಷದವರಿಗೆ ಬೇಡ. ಅವನ್ನು ಸರಳಗೊಳಿಸುವ ಗೋಜಿಗೇ ಹೋಗದೆ ತೆಗೆದುಹಾಕಿದರು. ಇನ್ನು ಕೆಲವು ವಾಕ್ಯಗಳು ‘ಬೇರೆ ಮೂಲದಿಂದ ಬಂದಿರಬಹುದಲ್ಲ?’ ಎಂಬ ಪ್ರಶ್ನೆಗೆ ಉತ್ತರ. ಅವು ಕಡಿಮೆ, ಗಿಡ್ಡ, ಆದರೆ ಲೇಖನ ನಿಂತಿರುವುದೇ ಅವುಗಳ ಮೇಲೆ. ಅದರಲ್ಲೂ ಒಂದು: ಈ ಆಳದಲ್ಲಿ ಮೇಲಿನಿಂದ ಇಳಿಯುವ ಮ್ಯೂಆನ್‌ಗಳು ಬಹುತೇಕ ನೇರವಾಗಿಯೇ ಬರುತ್ತವೆ, ಹಾಗಾಗಿ ಹೆಚ್ಚು ಓರೆಯಾದವು ಅವಲ್ಲ ಎಂಬ ವಾದ. ತಜ್ಞರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿಗೆ ಇದೊಂದಕ್ಕೇ ಎರಡು ಪುಟ ಬೇಕು.

ಉಪಕರಣ ಮಲಗಿದ್ದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಸಿಕ್ಕಿತು. ಓರೆಯ ವಾದ ತಿಳಿಯುವ ಮೊದಲೇ ಉಪಕರಣದ ವರ್ಣನೆ ಬಂದರೆ, ‘ನಿಂತ ಗೋಡೆ’ ಎಂಬ ಮಾತು ಓದುವವರ ಮನಸ್ಸಿನಲ್ಲಿ ನಿಲ್ಲುವುದಕ್ಕೆ ಕಾರಣವೇ ಇರುವುದಿಲ್ಲ. ವಿಶ್ವಕಿರಣ ಮೇಲಿನಿಂದ ಬರುತ್ತದೆ ಎಂದು ಪಠ್ಯದಲ್ಲಿ ಓದಿದ್ದಾರೆ, ಹಾಗಾಗಿ ಹಿಡಿಯುವ ತಟ್ಟೆಯನ್ನು ಅಡ್ಡ ಮಲಗಿಸಿಬಿಡುತ್ತಾರೆ. ಲೇಖನದ ಕ್ರಮವನ್ನು ಕೈಪಿಡಿ ಅನುಸರಿಸಬಾರದು ಎಂಬುದು ಈ ಪ್ರಕರಣದಲ್ಲಿ ಖಚಿತವಾದ ಮೊದಲ ಸಂಗತಿ. ಲೇಖನ ವರದಿಯ ಕ್ರಮದಲ್ಲಿರುತ್ತದೆ, ಕೈಪಿಡಿ ಸಂಶಯದ ಕ್ರಮದಲ್ಲಿರಬೇಕು.

ಬಿಟ್ಟುಹೋದ ಮೆಟ್ಟಿಲನ್ನು ಕಟ್ಟಿದ್ದು

ಹೊಸ ಕೈಪಿಡಿಯ ಎರಡು ಮತ್ತು ಮೂರನೆಯ ಪುಟ ಪೂರ್ತಿಯಾಗಿ ಈ ಒಂದು ಲೆಕ್ಕಕ್ಕೆ ಮೀಸಲು.

ಮೊದಲು ಆಳದ ಅಳತೆ. ಲೇಖನಗಳಲ್ಲಿ ಆಳವನ್ನು ಬರೀ ಮೀಟರಿನಲ್ಲಿ ಹೇಳುವುದಿಲ್ಲ, ‘ಇಷ್ಟು ಮೀಟರು ನೀರಿಗೆ ಸಮ’ ಎನ್ನುತ್ತಾರೆ. ಕಣವನ್ನು ತಡೆಯುವುದು ದೂರ ಅಲ್ಲ, ದಾರಿಯಲ್ಲಿ ಸಿಗುವ ವಸ್ತುವಿನ ರಾಶಿ. ಕೋಲಾರದ ಬಂಡೆ ಸಾಮಾನ್ಯ ಬಂಡೆಗಿಂತ ತೂಕದ್ದು, ನೀರಿನ ಸುಮಾರು ಮೂರು ಪಟ್ಟು ಸಾಂದ್ರತೆ. ಆದ್ದರಿಂದ 2,300 ಮೀಟರು ಬಂಡೆ ಎಂದರೆ ಹತ್ತಿರಹತ್ತಿರ 7,000 ಮೀಟರು ನೀರು. ಈ ಪ್ರಯೋಗದ ಬಗ್ಗೆ ಬೇರೆ ಬರಹಗಳನ್ನು ನೋಡಿದರೆ 7,500ರ ಆಸುಪಾಸಿನ ಅಂಕಿಯೂ ಕಾಣುತ್ತದೆ. ಅದು ತಪ್ಪಲ್ಲ. ಬೇರೆ ಬೇರೆ ಗಣಿಗಳನ್ನು ಹೋಲಿಸಲು ‘ಪ್ರಮಾಣಿತ ಬಂಡೆ’ ಎಂದು ಒಂದು ಲೆಕ್ಕದ ಬಂಡೆಯನ್ನು ಇಟ್ಟುಕೊಂಡಿರುತ್ತಾರೆ, ಅದಕ್ಕೆ ಪರಿವರ್ತಿಸಿದಾಗ ಅಂಕಿ ಬದಲಾಗುತ್ತದೆ. ಇದನ್ನು ಕೈಪಿಡಿಯಲ್ಲಿ ಒಂದು ಸಾಲಿನಲ್ಲಾದರೂ ಹೇಳಲೇಬೇಕು. ಹೇಳದಿದ್ದರೆ ತಾನೇ ಗುಣಿಸಿ ನೋಡಿದ ಚುರುಕು ವಿದ್ಯಾರ್ಥಿ ತನ್ನ ಲೆಕ್ಕವೇ ತಪ್ಪು ಎಂದುಕೊಂಡು ಕೈಬಿಡುತ್ತಾನೆ.

ಆಮೇಲೆ ಓರೆ. ನೇರ ಮೇಲಿನಿಂದ ಇಳಿದರೆ ದಾರಿ 7,000. ನೆತ್ತಿಯಿಂದ θ ಕೋನದಷ್ಟು ಓರೆಯಾಗಿ ಬಂದರೆ ದಾರಿ

```
7000 / cos θ
```

ಎಷ್ಟಾಗುತ್ತದೆ ನೋಡಿ. 45 ಡಿಗ್ರಿಗೆ ಸುಮಾರು 9,900. 60 ಡಿಗ್ರಿಗೆ `cos θ` ಅರ್ಧ, ಆದ್ದರಿಂದ 14,000. ಇಷ್ಟು ಆಳದಲ್ಲಿ ಮ್ಯೂಆನ್‌ಗಳ ಸಂಖ್ಯೆ ಸುಮಾರು ಪ್ರತಿ 550 ಮೀಟರು ನೀರಿಗೆ ಅರ್ಧವಾಗುತ್ತದೆ ಎಂದು ಇಟ್ಟುಕೊಳ್ಳಬಹುದು. 45 ಡಿಗ್ರಿಯಲ್ಲಿ ಹೆಚ್ಚಿನ ದಾರಿ 2,900, ಅಂದರೆ ಐದಕ್ಕಿಂತ ತುಸು ಹೆಚ್ಚು ಸಲ ಅರ್ಧ. ಉಳಿಯುವುದು ನಲವತ್ತರಲ್ಲಿ ಒಂದರಷ್ಟು. 60 ಡಿಗ್ರಿಯಲ್ಲಿ ಹೆಚ್ಚಿನ ದಾರಿ 7,000, ಹನ್ನೆರಡಕ್ಕೂ ಹೆಚ್ಚು ಸಲ ಅರ್ಧ. ಹನ್ನೆರಡು ಸಲ ಅರ್ಧ ಮಾಡಿದರೇ 4,096ರಲ್ಲಿ ಒಂದು. ನೇರ ದಾರಿಯಲ್ಲೇ ಒಂದು ಚದರ ಮೀಟರಿಗೆ ಒಂದು ಮ್ಯೂಆನ್ ಕಾಣಲು ವಾರಗಟ್ಟಲೆ ಕಾಯಬೇಕಾದ ಜಾಗ ಅದು. ಅದರ ನಾಲ್ಕು ಸಾವಿರದ ಒಂದು ಪಾಲು ಎಂದರೆ ಪ್ರಯೋಗದ ಆಯುಷ್ಯದಲ್ಲಿ ಒಂದೂ ಕಾಣುವ ನಿರೀಕ್ಷೆ ಇಲ್ಲ.

ಲೇಖನದಲ್ಲಿ ಇದು ಘಾತೀಯ ಇಳಿಕೆಯ ಭಾಷೆಯಲ್ಲಿ ಬರುವಂಥದ್ದು. ಕೈಪಿಡಿಯಲ್ಲಿ ‘ಅರ್ಧ, ಅರ್ಧದ ಅರ್ಧ’ ಎಂದು ಇಟ್ಟಿದ್ದು ಸರಿಯಾದ ಆಯ್ಕೆ, ಏಕೆಂದರೆ ವಿದ್ಯಾರ್ಥಿ ಕಾಗದದ ಅಂಚಿನಲ್ಲೇ ಎಣಿಸಿ ಪರೀಕ್ಷಿಸಬಹುದು. ಆದರೆ ಸರಳ ಲೆಕ್ಕದ ಮಿತಿ ಎಲ್ಲಿದೆ ಎಂದೂ ಅಲ್ಲೇ ಹೇಳಬೇಕು. ವಾತಾವರಣದಲ್ಲಿ ಓರೆಯಾಗಿ ಬರುವ ಹೆಚ್ಚು ಶಕ್ತಿಯ ಮ್ಯೂಆನ್‌ಗಳು ನೇರ ಬರುವವಕ್ಕಿಂತ ಸಂಖ್ಯೆಯಲ್ಲಿ ಹೆಚ್ಚಿರುತ್ತವೆ, 60 ಡಿಗ್ರಿಯಲ್ಲಿ ಎರಡು ಪಟ್ಟಿನ ತನಕ. ಈ ಲೆಕ್ಕ ಅದನ್ನು ಬಿಟ್ಟಿದೆ. ಸೇರಿಸಿಕೊಂಡರೂ ನಾಲ್ಕು ಸಾವಿರದಲ್ಲಿ ಒಂದು ಹೋಗಿ ಎರಡು ಸಾವಿರದಲ್ಲಿ ಒಂದಾಗುತ್ತದೆ, ತೀರ್ಮಾನ ಅಲುಗುವುದಿಲ್ಲ.

ನ್ಯೂಟ್ರಿನೊಗೆ ಈ ಯಾವ ತೊಂದರೆಯೂ ಇಲ್ಲ. ಅದಕ್ಕೆ 7,000 ಮೀಟರು, 14,000 ಮೀಟರು, ಇಡೀ ಭೂಮಿ ಎಲ್ಲವೂ ಬಹುಮಟ್ಟಿಗೆ ಒಂದೇ. ಎಲ್ಲ ಕಡೆಯಿಂದಲೂ ಬಂದು, ಎಲ್ಲೋ ಒಂದು, ಶೋಧಕದ ಪಕ್ಕದ ಬಂಡೆಯಲ್ಲಿ ಬಡಿದು ಮ್ಯೂಆನ್ ಹುಟ್ಟಿಸುತ್ತದೆ. ಪಕ್ಕ ಎಂದರೆ ಎಷ್ಟು ಪಕ್ಕ? 2 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಮ್ಯೂಆನ್ ಕೋಲಾರದ ಬಂಡೆಯಲ್ಲಿ ಮೂರು ಮೀಟರಿನಷ್ಟು ಮಾತ್ರ ಹೋಗುತ್ತದೆ. ಹತ್ತು ಪಟ್ಟು ಶಕ್ತಿ ಇದ್ದರೆ ಕೆಲವು ಹತ್ತಾರು ಮೀಟರು. ಈಗ ಗೋಡೆಗಳು ಏಕೆ ನಿಂತಿವೆ ಎಂಬುದು ಹೇಳದೆಯೇ ತಿಳಿಯುತ್ತದೆ: ನೇರ ಇಳಿಯುವ ಕಣ ಎರಡು ನಿಂತ ಗೋಡೆಗಳ ನಡುವೆ ಜಾರಿಹೋಗುತ್ತದೆ, ಅಡ್ಡ ಬರುವುದು ಮಾತ್ರ ಎರಡನ್ನೂ ದಾಟುತ್ತದೆ.

ಉಪಕರಣ, ಮೂರು ಪ್ಯಾರಾದಲ್ಲಿ

ಉಪಕರಣದ ಭಾಗ ನಾಲ್ಕನೆಯ ಪುಟಕ್ಕೆ ಹೋಯಿತು, ಗಾತ್ರವೂ ಇಳಿಯಿತು. ಎದುರುಬದುರು ಪ್ಲಾಸ್ಟಿಕ್ ಮಿನುಗುಫಲಕಗಳ ಗೋಡೆ, ಅವಕ್ಕೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಮಲ್ಟಿಪ್ಲೈಯರ್ ನಳಿಗೆಗಳು. ನಡುವೆ ನಿಯಾನ್ ತುಂಬಿದ ಗಾಜಿನ ನಳಿಗೆಗಳ ಸಾಲು ಮತ್ತು ಸೀಸದ ಪದರ. ಎರಡು ಗೋಡೆಯೂ ಒಟ್ಟಿಗೆ ಮಿನುಗಿದರೆ ನಳಿಗೆಗಳಿಗೆ ಹೆಚ್ಚು ವೋಲ್ಟೇಜಿನ ಒಂದು ಏಟು ಕೊಡುತ್ತಾರೆ. ಕಣ ದಾಟಿದ ನಳಿಗೆಗಳು ಮಾತ್ರ ಬೆಳಗುತ್ತವೆ, ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಸೀಸವನ್ನು ದಾಟಿಯೂ ಒಂದೇ ಗೆರೆಯಾಗಿ ಉಳಿದರೆ ಅದು ಮ್ಯೂಆನ್ ಎಂದು ಹೇಳಲು ಬಲ ಬರುತ್ತದೆ. ಎಲೆಕ್ಟ್ರಾನ್ ಆಗಿದ್ದರೆ ಸೀಸದಲ್ಲಿ ಕವಲೊಡೆದು ಚದುರುತ್ತಿತ್ತು. ‘ಟೆಲಿಸ್ಕೋಪ್’ ಹೋಗಿ ‘ಶೋಧಕ ಜೋಡಿ’ ಬಂತು. ‘ಕೋಇನ್ಸಿಡೆನ್ಸ್’ ಎಂಬುದಕ್ಕೆ ‘ಒಂದೇ ಕ್ಷಣದ ಸಂಕೇತ’. ಆದರೆ ಮೂಲ ಪದಗಳನ್ನು ಕನ್ನಡ ಲಿಪಿಯಲ್ಲಿ ಒಂದು ಸಲ ಕೊಟ್ಟು, ಅವಕ್ಕೆ ಇಲ್ಲಿರುವ ಅರ್ಥವನ್ನು ಹೇಳಿದರು. ಮೂಲ ಲೇಖನ ತೆರೆದಾಗ ವಿದ್ಯಾರ್ಥಿ ಆ ಪದಗಳನ್ನು ಗುರುತಿಸಬೇಕಲ್ಲ.

ಇಲ್ಲಿ ಒಂದು ಸೂಕ್ಷ್ಮ ಇತ್ತು. ಅದನ್ನು ಬಿಡದೆ ಇಟ್ಟದ್ದು ಕೈಪಿಡಿಯ ದೊಡ್ಡ ಗುಣ. ನಳಿಗೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದರಿಂದ, ಚಿತ್ರದಲ್ಲಿ ಕಾಣುವುದು ಕಣದ ನಿಜವಾದ ಓರೆಯಲ್ಲ, ಒಂದು ಕಡೆಯಿಂದ ನೋಡಿದ ಅದರ ನೆರಳು. ಓದುವವರಿಗೆ ಕೂಡಲೇ ಸಂಶಯ ಬರಬೇಕು: ನೆರಳನ್ನು ನಂಬಿ ತೀರ್ಮಾನ ಮಾಡಬಹುದೆ? ಕೈಪಿಡಿ ಪೆನ್ಸಿಲ್ ಪ್ರಯೋಗ ಹೇಳುತ್ತದೆ. ಪೆನ್ಸಿಲನ್ನು ಓರೆಯಾಗಿ ಹಿಡಿದು, ಆ ಓರೆಯನ್ನು ಬದಲಿಸದೆ, ಅದನ್ನು ನೇರ ನಿಂತ ಒಂದು ಕಾಲ್ಪನಿಕ ಕಂಬದ ಸುತ್ತ ತಿರುಗಿಸಿ, ಗೋಡೆಯ ಮೇಲೆ ಎದುರಿನ ಬೆಳಕಿನಿಂದ ಬಿದ್ದ ನೆರಳನ್ನು ನೋಡಿ. ನೆರಳು ಕೆಲವೊಮ್ಮೆ ನೇರ ನಿಲ್ಲುತ್ತದೆ, ಕೆಲವೊಮ್ಮೆ ಪೆನ್ಸಿಲ್‌ನಷ್ಟೇ ಓರೆಯಾಗುತ್ತದೆ, ಆದರೆ ಪೆನ್ಸಿಲ್‌ಗಿಂತ ಹೆಚ್ಚು ಓರೆ ಎಂದೂ ಆಗುವುದಿಲ್ಲ. ಅಂದಮೇಲೆ ಚಿತ್ರದಲ್ಲಿ 60 ಡಿಗ್ರಿ ಕಂಡರೆ ನಿಜದ ಓರೆ 60 ಅಥವಾ ಅದಕ್ಕಿಂತ ಹೆಚ್ಚು. ನೆರಳು ಮೋಸ ಮಾಡುವುದಿದ್ದರೂ ಸಂಶೋಧಕರ ವಿರುದ್ಧ ದಿಕ್ಕಿಗೇ ಮಾಡುತ್ತದೆ.

ಎರಡನೆಯ ಕರಡು ಕೆಟ್ಟದ್ದು ಒಂದೇ ವಾಕ್ಯದಿಂದ

ಈ ಹೊಸ ಕರಡನ್ನು ಅದೇ ಆರು ಮಂದಿಗೆ ಕೊಡಲಿಲ್ಲ, ಬೇರೆ ಆರು ಮಂದಿಗೆ ಕೊಟ್ಟರು. ಒಮ್ಮೆ ಓದಿದವರು ಸುಧಾರಿಸಿದ್ದು ಕೈಪಿಡಿಯಿಂದಲೋ ಎರಡನೆಯ ಓದಿನಿಂದಲೋ ತಿಳಿಯುವುದಿಲ್ಲ. ಈ ಸಲ ಗೋಡೆಗಳು ಎಲ್ಲರ ಚಿತ್ರದಲ್ಲೂ ನಿಂತವು. ಆದರೆ ಕೆಳಗಿನ ವಾಕ್ಯದಲ್ಲಿ ನಾಲ್ವರು ‘ಕೋಲಾರದಲ್ಲಿ ಮೊದಲ ಬಾರಿಗೆ ನ್ಯೂಟ್ರಿನೊ ಕಂಡುಹಿಡಿದರು’ ಎಂದು ಬರೆದಿದ್ದರು.

ಇದು ತಪ್ಪು, ಮತ್ತು ತಪ್ಪಿನ ಮೂಲ ಕೈಪಿಡಿಯ ಮೊದಲ ಪುಟದಲ್ಲೇ ಇತ್ತು. ನಮ್ಮ ನೆಲದ ಹೆಮ್ಮೆ ತುಂಬಿದ ಒಂದು ಆರಂಭದ ವಾಕ್ಯದಲ್ಲಿ ‘ನ್ಯೂಟ್ರಿನೊವನ್ನು ಮೊದಲು ಕಂಡ ಜಾಗ’ ಎಂದಿತ್ತು. ರಿಯಾಕ್ಟರಿನಿಂದ ಬಂದ ನ್ಯೂಟ್ರಿನೊವನ್ನು ಕೋವನ್ ಮತ್ತು ರೈನ್ಸ್ 1956ರಲ್ಲೇ ಪತ್ತೆ ಮಾಡಿದ್ದರು. ಮ್ಯೂಆನ್ ಬಗೆಯ ನ್ಯೂಟ್ರಿನೊ ಬೇರೆಯೇ ಎಂದು ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ 1962ರಲ್ಲಿ ತೋರಿಸಿದ್ದರು. ಕೋಲಾರದ ಲೇಖನದ ಹೊಸತು ಏನೆಂದರೆ ವಾತಾವರಣದಲ್ಲಿ ಹುಟ್ಟಿದ, ಅಂದರೆ ಮನುಷ್ಯ ಮಾಡದ ಮೂಲದ ನ್ಯೂಟ್ರಿನೊಗಳ ಗುರುತು ಮೊದಲು ಅಚ್ಚಾದದ್ದು. ಹೆಮ್ಮೆಗೆ ಅದು ಧಾರಾಳವಾಗಿ ಸಾಕು.

ಇದರ ಜೊತೆಗೇ ‘ಕಂಡರು’ ಎಂಬ ಕ್ರಿಯಾಪದವನ್ನೂ ತಿದ್ದಬೇಕಾಯಿತು. ಕಂಡದ್ದು ಮ್ಯೂಆನಿನ ಗೆರೆ. ನ್ಯೂಟ್ರಿನೊ ಎಂಬುದು ತರ್ಕದಿಂದ ತಲುಪಿದ ತೀರ್ಮಾನ. ಲೇಖನದ ಶೀರ್ಷಿಕೆಯೇ ‘ವಿಶ್ವಕಿರಣ ನ್ಯೂಟ್ರಿನೊಗಳಿಂದ ಹುಟ್ಟಿದ ಮ್ಯೂಆನ್‌ಗಳ ನೆಲದಾಳದ ಪತ್ತೆ’ ಎನ್ನುತ್ತದೆ, ಎಷ್ಟು ಎಚ್ಚರದ ಮಾತು ನೋಡಿ. ಸರಳಗೊಳಿಸುವಾಗ ಮೊದಲು ಉದುರುವುದು ಇಂಥ ಎಚ್ಚರವೇ. ಅದನ್ನು ಹಿಡಿಯಲು ಉಪನ್ಯಾಸಕಿ ಒಂದು ಸುಲಭದ ಕ್ರಮ ಇಟ್ಟುಕೊಂಡರು: ಕೈಪಿಡಿಯ ಕ್ರಿಯಾಪದಗಳಿಗೆಲ್ಲ ಗೆರೆ ಎಳೆದು, ಪ್ರತಿಯೊಂದನ್ನೂ ಮೂಲದ ಕ್ರಿಯಾಪದದ ಪಕ್ಕ ಇಟ್ಟು ನೋಡುವುದು. ಮೂಲ ‘ಹೊಂದುತ್ತದೆ’ ಎಂದಲ್ಲಿ ಕೈಪಿಡಿ ‘ಸಾಬೀತಾಯಿತು’ ಎಂದಿದ್ದರೆ ಕೈಪಿಡಿ ಸುಳ್ಳು ಹೇಳುತ್ತಿದೆ. ಹೀಗೆ ಏಳು ಕ್ರಿಯಾಪದಗಳು ಬದಲಾದವು.

ಕೊನೆಯ ರೂಪ ಆರು ಪುಟಕ್ಕೆ ನಿಂತಿತು. ಚಿತ್ರಗಳನ್ನು ಮೂಲದಿಂದ ಜೆರಾಕ್ಸ್ ಮಾಡದೆ ಕೈಯಲ್ಲೇ ಹೊಸದಾಗಿ ಬರೆದರು. ಮೂಲ ಚಿತ್ರದಲ್ಲಿ ತಜ್ಞರಿಗೆ ಬೇಕಾದ ಗುರುತುಗಳೇ ತುಂಬಿದ್ದವು, ಇಲ್ಲಿ ಎರಡು ಗೋಡೆ, ಒಂದು ಓರೆ ಗೆರೆ, ನೆತ್ತಿಯಿಂದ ಕೋನ, ಇಷ್ಟೇ ಬೇಕಿತ್ತು. ಆರನೆಯ ಪುಟದಲ್ಲಿ ಪಾಠ ಇಲ್ಲ, ಮೂಲ ಲೇಖನದ ನಾಲ್ಕು ಪುಟಕ್ಕೆ ದಾರಿಗುರುತು ಇದೆ: ಯಾವ ಪ್ಯಾರಾ ಈಗಲೇ ಓದಿ, ಯಾವುದನ್ನು ಅಂತಿಮ ವರ್ಷಕ್ಕೆ ಬಿಡಿ ಎಂದು. ಅದರ ಕೆಳಗೆ ಒಂದೇ ಪ್ರಶ್ನೆ. ಇದೇ ಶೋಧಕ ಜೋಡಿಯನ್ನು ಗಣಿಯಲ್ಲಿ 500 ಮೀಟರು ಆಳದಲ್ಲಿ ಇಟ್ಟು, 60 ಡಿಗ್ರಿ ಓರೆಯ ಗೆರೆ ಕಂಡರೆ, ಅದನ್ನು ನ್ಯೂಟ್ರಿನೊದ ಲೆಕ್ಕಕ್ಕೆ ಹಾಕಬಹುದೆ? ಓರೆ ದಾರಿ 1,000 ಮೀಟರು ಬಂಡೆ, ಅಂದರೆ 3,000 ಮೀಟರು ನೀರು. ನೇರ ದಾರಿಯಲ್ಲಿ 2.3 ಕಿ.ಮೀ. ಇಳಿದದ್ದರ ಅರ್ಧಕ್ಕೂ ಕಡಿಮೆ. ಮೇಲಿನ ಮ್ಯೂಆನ್‌ಗಳೇ ಧಾರಾಳವಾಗಿ ಬರುತ್ತವೆ, ಹಾಕುವಂತಿಲ್ಲ. ಮೂರನೆಯ ಸುತ್ತಿನಲ್ಲಿ ಆರರಲ್ಲಿ ಐದು ಮಂದಿ ಈ ಉತ್ತರಕ್ಕೆ ಲೆಕ್ಕ ಸಮೇತ ಬಂದರು. ಆರನೆಯವನೂ ‘ಹಾಕುವಂತಿಲ್ಲ’ ಎಂದೇ ಬರೆದಿದ್ದ, ಆದರೆ ಅವನ ಲೆಕ್ಕ ತಪ್ಪಿತ್ತು. ಕೋನವನ್ನು ನೆತ್ತಿಯಿಂದ ಅಳೆಯದೆ ನೆಲದಿಂದ ಅಳೆದಿದ್ದ. ಮರುದಿನ ಕೈಪಿಡಿಯ ಚಿತ್ರದಲ್ಲಿ ನೆತ್ತಿಯ ಗೆರೆಯ ತುದಿಗೆ ‘0°’ ಎಂದು ಸೇರಿಸಿದರು.